412 ಕ್ಲಿಪ್, ಒಂದು ನೋಟ್‌ಬುಕ್, ಮೂರು ನಿಮಿಷದ ವೀಡಿಯೊ

ಜನರ ಪ್ರವಾಸದ ವೀಡಿಯೊ ಎಡಿಟ್ ಶುರು ಮಾಡೋ ಮೊದಲು ಪ್ರತಿ ಶಾಟ್ ಅನ್ನೂ ನೋಟ್‌ಬುಕ್‌ನಲ್ಲಿ ಬರೀತೀನಿ ಅಂದಾಗ ಶಿರಸಿಯಲ್ಲಿ ಮದುವೆ ವೀಡಿಯೊ ಮಾಡೋ ನನ್ನ ಗೆಳೆಯ ನಕ್ಕಿದ್ದ. "ಬರೆಯೋ ಹೊತ್ತಿಗೆ ನಾನು ಎರಡು ವೀಡಿಯೊ ಮುಗಿಸ್ತೆ ಮಾರಾಯಾ" ಅಂದ. ಈಗ ಅವನೂ ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಗೊಂಡಿದ್ದಾನೆ.

ಅದರ ಹಿಂದಿನ ವರ್ಷ ಇಂಥದ್ದೇ ಒಂದು ಪ್ರವಾಸದ ಕೆಲಸದಲ್ಲಿ ಸರಿಯಾಗಿ ಏಟು ತಿಂದಿದ್ದೆ. ಹಾಡು ಹಾಕಿಕೊಂಡು, ಚೆಂದ ಕಂಡ ಕ್ಲಿಪ್‌ಗಳನ್ನ ನೇರ ಟೈಮ್‌ಲೈನ್‌ಗೆ ಎಳೆದಿದ್ದೆ. ಎಲ್ಲಾ ಶಾಟೂ ಚೆಂದ, ಆದರೆ ಯಾರು ಎಲ್ಲಿಗೆ ಹೋದರು ಅಂತ ಗೊತ್ತೇ ಆಗ್ತಿರಲಿಲ್ಲ. ನಾಲ್ಕು ಸಲ ಬದಲಾಯಿಸಿದೆ. ಹನ್ನೊಂದು ದಿನ ಹೋಯ್ತು. ಐದು ಸಾವಿರ ಮಾತಾಗಿದ್ದು, ಕೊನೆಗೆ ಮರ್ಯಾದೆಗೆ ಎರಡು ಸಾವಿರ ವಾಪಸ್ ಕೊಟ್ಟೆ.

ಈ ಸಲ ಬಂದಿದ್ದು ಒಂದು ದೊಡ್ಡ ಮನೆಯವರ ಪ್ರವಾಸ. 2024ರ ಡಿಸೆಂಬರ್ ಕೊನೆ. ಶಿರಸಿಯಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ, ಕಾರವಾರ. ಕೊನೆ ದಿನ ಗೋಕರ್ಣ. ಹದಿನಾಲ್ಕು ಜನ, ಐದು ಫೋನು, ಒಂದು ಗೋಪ್ರೊ. 412 ಕ್ಲಿಪ್, ಸುಮಾರು ಮೂರೂವರೆ ತಾಸು. ಅರ್ಧಕ್ಕರ್ಧ ವಾಟ್ಸಾಪ್‌ನಲ್ಲಿ ಕಳಿಸಿದ್ದು. ಒಂಬತ್ತು ಸಾವಿರ ಹೇಳಿದೆ, ಮೂರು ಅಡ್ವಾನ್ಸ್.

ಮೊದಲ ಕೆಲಸ ಯಾವುದು ಯಾವಾಗಿನದು ಅಂತ ಹಿಡಿಯೋದು. ಪ್ರತಿ ಫೋನಿಗೂ ಬೇರೆ ಫೋಲ್ಡರ್ ಮಾಡಿ, ಅದರೊಳಗೆ exiftool ಅನ್ನೋ ಪ್ರೋಗ್ರಾಂ ಓಡಿಸಿ ಪಟ್ಟಿ ತೆಗೆದು ಶೀಟ್‌ಗೆ ಹಾಕಿದೆ:

```
exiftool -T -FileName -CreateDate -Duration . > clips.tsv
```

ಇಲ್ಲಿ ಮೂರು ಕಡೆ ಮೋಸ ಹೋಗ್ತೀರಿ. ಒಂದು, ವೀಡಿಯೊ ಒಳಗಿನ `CreateDate` ಸಾಮಾನ್ಯವಾಗಿ ನಮ್ಮ ಗಂಟೆಯಲ್ಲಿ ಇರೋದಿಲ್ಲ, ಐದೂವರೆ ತಾಸು ಹಿಂದಿರ್ತದೆ. ಸೂರ್ಯ ಸಮುದ್ರಕ್ಕೆ ತಾಗ್ತಿರೋ ಕ್ಲಿಪ್ ಮಧ್ಯಾಹ್ನ 12:35 ಅಂತ ತೋರಿಸ್ತಿತ್ತು. ಐದೂವರೆ ಕೂಡಿಸಿದರೆ ಸಂಜೆ 6:05, ಸರಿಹೋಯ್ತು. ನಮ್ಮ ಕರಾವಳಿಯಲ್ಲಿ ಸೂರ್ಯ ಸಮುದ್ರದ ಮೇಲೆ ಕೆಳಗಿದ್ದಾನೆ ಅಂದರೆ ಅದು ಸಂಜೆಯೇ ಅಲ್ವಾ, ಇಷ್ಟು ಒಳ್ಳೇ ಗಡಿಯಾರ ಬೇರೆ ಇಲ್ಲ. ಎರಡು, ಗೋಪ್ರೊ ಬ್ಯಾಟರಿ ತೆಗೆದಿಟ್ಟಿದ್ದರಿಂದ ಅದರ ತಾರೀಖು 2016ಕ್ಕೆ ಹೋಗಿತ್ತು. ಆದರೆ ಕ್ಲಿಪ್‌ಗಳ ನಡುವಿನ ಅಂತರ ಸರಿ ಇತ್ತು. ಅದೇ ಸೂರ್ಯಾಸ್ತ ಫೋನಿನಲ್ಲೂ ಇತ್ತು. ಅದನ್ನ ಹಿಡಿದು ಉಳಿದವನ್ನೂ ಅಷ್ಟೇ ಸರಿಸಿದೆ. ಮೂರನೆಯದು ವಾಟ್ಸಾಪ್. ಅಲ್ಲಿ ಹೆಸರಿನಲ್ಲಿರೋ ತಾರೀಖು ವೀಡಿಯೊ ಕೈಗೆ ಬಂದ ದಿನದ್ದು, ತೆಗೆದ ದಿನದ್ದಲ್ಲ. ಅವಕ್ಕೆ ಕಣ್ಣೇ ಗತಿ.

ಕಣ್ಣಿಂದ ಹೇಗೆ ಅಂದರೆ, ಕಿಟಕಿ ನೋಡಿ. ಅಂಕೋಲಾದಿಂದ ಕಾರವಾರಕ್ಕೆ ಹೋಗುವಾಗ ಸಮುದ್ರ ಎಡಕ್ಕೆ. ಎಡ ಕಿಟಕಿಯಿಂದ ತೆಗೆದರೆ ಹತ್ತಿರದ ತೆಂಗಿನಮರ ಪರದೆಯಲ್ಲಿ ಬಲದಿಂದ ಎಡಕ್ಕೆ ಓಡ್ತದೆ, ಅಂದರೆ ಗಾಡಿ ಬಲಕ್ಕೆ ಹೋದಂಗೆ ಕಾಣ್ತದೆ. ವಾಪಸ್ ಬರುವಾಗ ಸಮುದ್ರ ಬಲಕ್ಕೆ, ಮರ ಎಡದಿಂದ ಬಲಕ್ಕೆ ಓಡ್ತದೆ. ಹಾಗಾಗಿ ಸಮುದ್ರ ಕಾಣೋ ಹನ್ನೊಂದು ಕಿಟಕಿ ಕ್ಲಿಪ್‌ಗಳನ್ನ ಯಾರನ್ನೂ ಕೇಳದೆ ಹೋಗಿದ್ದು, ಬಂದಿದ್ದು ಅಂತ ವಿಂಗಡಿಸಿದೆ. ಒಂದು ಮಾತ್ರ ಉಲ್ಟಾ ಬಿತ್ತು. ಅದು ಸೆಲ್ಫಿ ಕ್ಯಾಮೆರಾದ್ದು, ಕನ್ನಡಿಯಂತೆ ತಿರುಗಿತ್ತು. ಹಿಂದಿನ ಅಂಗಡಿ ಬೋರ್ಡ್ ಓದೋಕೆ ಬರಲಿಲ್ಲ, ಆಗ ಗೊತ್ತಾಯ್ತು. ಪ್ಲಾನ್‌ಗೂ ಇದೇ ಸೂತ್ರ: ಹೋಗೋ ಭಾಗದಲ್ಲಿ ಎಲ್ಲಾ ಗಾಡಿ, ಎಲ್ಲಾ ನಡಿಗೆ ಬಲಕ್ಕೆ. ವಾಪಸ್ ಭಾಗದಲ್ಲಿ ಎಡಕ್ಕೆ. ಅಕ್ಷರ ಹಾಕದೇನೇ ನೋಡೋರಿಗೆ ಮನೆ ಕಡೆ ಹೊರಟ್ರು ಅಂತ ಅನಿಸ್ತದೆ.

ಆಮೇಲೆ ಎಲ್ಲಾ ಕ್ಲಿಪ್ ಎರಡು ಸಲ ನೋಡಿದೆ. ಒಮ್ಮೆ ಸದ್ದಿಲ್ಲದೆ, ಒಮ್ಮೆ ಪರದೆಗೆ ಬೆನ್ನು ಹಾಕಿ ಬರೀ ಕೇಳಿ. ಎರಡನೆಯದನ್ನ ಯಾರೂ ಮಾಡಲ್ಲ. ನನಗೆ ಈ ವೀಡಿಯೊ ಸಿಕ್ಕಿದ್ದೇ ಅಲ್ಲಿ. ಕಾರವಾರ ಬೀಚಿನ ಒಂದು ಕ್ಲಿಪ್‌ನಲ್ಲಿ ಲೆನ್ಸ್ ಮೇಲೆ ಬೆರಳು, ಏನೂ ಕಾಣಲ್ಲ. ಮೊದಲ ಸುತ್ತಿನಲ್ಲಿ ಕಸಕ್ಕೆ ಹಾಕಿದ್ದೆ. ಅದರಲ್ಲಿ ಅಜ್ಜಿ ಮೊಮ್ಮಗಳಿಗೆ ಹೇಳ್ತಾರೆ, "ಕೂಸೇ, ಕಾಲಡಿ ಹೊಯ್ಗೆ ಜಾರ್ತು!" ಕಾಲಡಿಯ ಮರಳು ಜಾರಿದ ಆ ಒಂದು ಮಾತಿನ ಸುತ್ತ ಇಡೀ ಮೂರು ನಿಮಿಷ ಕಟ್ಟಿದೆ. ಅಜ್ಜಿ ಸಮುದ್ರಕ್ಕೆ ಕಾಲಿಡೋ ಮೊದಲು, ಕಾಲಿಟ್ಟಿದ್ದು, ಆಮೇಲೆ.

ನೋಟ್‌ಬುಕ್‌ನ ಆ ಜಾಗ ಹೀಗಿತ್ತು. ಸಂಖ್ಯೆ, ಫೈಲು, ಎಲ್ಲಿಂದ ಎಲ್ಲಿಗೆ, ಚಿತ್ರ, ಸದ್ದು:

```
31 IMG_4471  0:03-0:06  ಚಪ್ಪಲಿ ಬಿಡೋದು      ಅಲೆ, ದೂರ
32 GX010038  1:12-1:14  ನೀರಿನ ಮಟ್ಟ, ಅಲೆ     ಅಲೆ, ಹತ್ತಿರ
33 IMG_4473  0:20-0:24  ಅಜ್ಜಿ ಬೆನ್ನು, ಕೈ ಹಿಡಿದು  WA0017ರ ಮಾತು
34 WA0021    0:08-0:10  ಮೊಮ್ಮಗಳ ನಗು        ಸದ್ದು 33ರಿಂದಲೇ
```

33ನೇದಕ್ಕೆ ಬೆನ್ನಿನ ಶಾಟ್ ಯಾಕೆ ಅಂದರೆ, ಮಾತು ಆ ಬೆರಳಿನ ಕ್ಲಿಪ್‌ದು, ಚಿತ್ರ ಬೇರೆಯದು. ತುಟಿ ಕಂಡರೆ ಕಳ್ಳತನ ಸಿಕ್ಕಿಬೀಳ್ತದೆ. 34 ಫೋನ್ ನೆಟ್ಟಗೆ ಹಿಡಿದು ತೆಗೆದ ವಾಟ್ಸಾಪ್ ಕ್ಲಿಪ್, ಪೂರ್ತಿ ಪರದೆಗೆ ಹಿಗ್ಗಿಸಿದರೆ ಮುಖ ಹಿಟ್ಟು ಮೆತ್ತಿದಂಗಾಗ್ತದೆ. ಹಾಗಾಗಿ ಎರಡೇ ಸೆಕೆಂಡ್, ನಡುವೆ ಸಣ್ಣದಾಗಿ. ಪ್ರತಿ ಸಾಲಿನ ಕೊನೆಗೆ ಇನ್ನೊಂದು ಕಾಲಮ್ ಇದೆ, ಅದನ್ನ ಇಲ್ಲಿ ಹಾಕಿಲ್ಲ. ಅದು ನನ್ನ ಹೊಟ್ಟೆಪಾಡು.

ಒಟ್ಟು 64 ಸಾಲು ಆಯ್ತು. ಸೆಕೆಂಡ್ ಕೂಡಿಸಿದರೆ ಮೊದಲ ಸಲ ಐದು ನಿಮಿಷ ಹತ್ತಿರ ಬಂತು. ಪೆನ್ಸಿಲ್ ಹಿಡಿದು ಹೊಡೆದು ಹಾಕಿದೆ, ಟೈಮ್‌ಲೈನ್‌ನಲ್ಲಿ ಕತ್ತರಿಸೋವಷ್ಟು ಹೊಟ್ಟೆ ಉರಿಯೋದಿಲ್ಲ. ಹೊಡೆಯೋಕೆ ನನ್ನ ನಿಯಮ ಒಂದೇ: ಎರಡು ಸಾಲು ಒಂದೇ ಸುದ್ದಿ ಹೇಳಿದರೆ ಒಂದು ಹೋಗಬೇಕು. ಒಂಬತ್ತು ಸೂರ್ಯಾಸ್ತ ಇತ್ತು, ಒಂದು ಉಳೀತು.

ನಡುವೆ ಒಂದು ತಲೆಹರಟೆ ಪ್ರಯೋಗವೂ ಮಾಡಿದೆ. ಪ್ರತಿ ಶಾಟ್‌ನ ಚಿತ್ರ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದೆ, ಸುಮಾರು ನಾನೂರು ರೂಪಾಯಿ ಆಯ್ತು. ನೋಡೋಕೆ ಭಾರೀ ಚೆಂದ. ಆದರೆ ಚಿತ್ರದಲ್ಲಿ ಓಟದ ದಿಕ್ಕೂ ಇಲ್ಲ, ಸದ್ದೂ ಇಲ್ಲ. ಸಂಜೆ ಫ್ಯಾನ್ ಹಾಕಿದ ಕೂಡಲೇ ಅರ್ಧ ಕೆಳಗೆ ಬಿತ್ತು. ಮತ್ತೆ ನೋಟ್‌ಬುಕ್ಕೇ.

ಇನ್ನೊಂದು ಜಾಗದಲ್ಲಿ ಎಡವಿದೆ. ಫೋನ್ ವೀಡಿಯೊದ ಫ್ರೇಮ್ ರೇಟ್ ಏರಿಳಿತಾ ಇರ್ತದೆ. ಒಂದು ಉದ್ದ ಕ್ಲಿಪ್‌ನಲ್ಲಿ, ನಾನು ಪ್ಲೇಯರ್‌ನಲ್ಲಿ ನೋಡಿ ಬರೆದ ಸಮಯಕ್ಕೂ ಎಡಿಟರ್‌ನಲ್ಲಿ ಬಂದ ಚಿತ್ರಕ್ಕೂ ಅರ್ಧ ಸೆಕೆಂಡ್ ವ್ಯತ್ಯಾಸ ಬಂತು. ಈಗ ಮೊದಲೇ ಎಲ್ಲವನ್ನೂ ಸೆಕೆಂಡಿಗೆ 30 ಫ್ರೇಮ್‌ಗೆ ಕನ್ವರ್ಟ್ ಮಾಡಿ, ಆ ಕಾಪಿ ನೋಡಿಯೇ ಸಮಯ ಬರೀತೀನಿ. ರಾತ್ರಿ ಹಾಕಿ ಮಲಗಿದರೆ ಬೆಳಗ್ಗೆ ಮುಗಿದಿರ್ತದೆ.

ಪ್ಲಾನ್‌ಗೆ ಎರಡು ದಿನ, ಎಡಿಟ್‌ಗೆ ಒಂದು ದಿನವೂ ಪೂರ್ತಿ ಹಿಡಿಯಲಿಲ್ಲ. ಉಳಿದ ಆರು ಸಾವಿರ ಅವತ್ತೇ ಬಂತು, ಅಜ್ಜಿ ಕಡೆಯಿಂದ ಒಂದು ಡಬ್ಬಿ ತೊಡದೇವೂ ಬಂತು.

ಬದಲಾವಣೆ ಒಂದೇ ಕೇಳಿದ್ರು. ಅವರ ಮಾವ ಕಳಿಸಿದ್ದ, ಕಾರವಾರದ ಕಾಳಿ ನದಿ ಸೇತುವೆಯ ಕ್ಲಿಪ್ ಯಾಕಿಲ್ಲ ಅಂತ. ಅದನ್ನ ನಾನು ಬೇಕಂತಲೇ ಬಿಟ್ಟಿದ್ದೆ. ಅದರಲ್ಲಿ ಹೊಸದರ ಪಕ್ಕದ ಹಳೇ ಸೇತುವೆಯೂ ಪೂರ್ತಿ ನಿಂತಿತ್ತು. ಅದು ಕುಸಿದಿದ್ದು 2024ರ ಆಗಸ್ಟ್ 7ಕ್ಕೆ, ಇವರು ಹೋಗಿದ್ದು ಡಿಸೆಂಬರ್. ಅಂದರೆ ಮಾವ ಹಳೇ ಪ್ರವಾಸದ ಕ್ಲಿಪ್ ಕಳಿಸಿದ್ದಾರೆ. ಹಾಗಂತ ಹೇಳಿದ್ದಕ್ಕೆ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. "ಹೌದಲ, ಹೆಂಗೂ ಅದು ಈಗಿಲ್ಲೆ, ಕೊನಿಗೆ ಹಾಕ್ಬಿಡು" ಅಂದರು. ಹೆಸರುಗಳೆಲ್ಲ ಮುಗಿದ ಮೇಲೆ, ಹಾಡು ಇಲ್ಲದೆ, ಬರೀ ಗಾಳಿ ಸದ್ದಿನ ಜೊತೆ ನಾಲ್ಕು ಸೆಕೆಂಡ್ ಹಾಕಿದೆ. ನೋಟ್‌ಬುಕ್‌ನಲ್ಲಿ ಅದು 65.