ಅನ್ನ ಕರಗುತ್ತೆ, ಹತ್ತಿ ಯಾಕೆ ಕರಗಲ್ಲ? ರಟ್ಟು, ಬೆಂಕಿಕಡ್ಡಿ ಇಟ್ಕೊಂಡು ಮನೇಲೇ ಮಾಡಿ ನೋಡಿ

ಊಟದ ಅನ್ನದಲ್ಲಿರೋ ಪಿಷ್ಟ, ಉಟ್ಟಿರೋ ಹತ್ತಿ ಪಂಚೆಯ ಸೆಲ್ಯುಲೋಸ್, ಎರಡೂ ಬರೀ ಗ್ಲೂಕೋಸ್‌ನ ಸರ. ಮಣಿ ಒಂದೇ, ಪೋಣಿಸಿರೋ ರೀತಿ ಬೇರೆ. ಪುಸ್ತಕದ ಚಿತ್ರ ನೋಡಿದ್ರೆ ಇದು ಅಷ್ಟಾಗಿ ತಲೆಗೆ ಹೋಗಲ್ಲ, ಕೈಯಲ್ಲಿ ಕಟ್ಟಿದ್ರೆ ಹತ್ತು ನಿಮಿಷದಲ್ಲಿ ಗೊತ್ತಾಗಿಬಿಡುತ್ತೆ.

ಮೊದಲು ಮಣಿ ಮಾಡ್ಕೊಳ್ಳಿ. ರಟ್ಟಿನಲ್ಲಿ ಅಂಗೈಯಗಲದ ಆರು ಮೂಲೆಯ ಬಿಲ್ಲೆ ಎಂಟು ಕತ್ತರಿಸಿ, ಒಂದು ಮೂಲೆ ಬಲಕ್ಕೆ, ಇನ್ನೊಂದು ಎಡಕ್ಕೆ ಬರೋ ಹಾಗೆ ಮೇಜಿನ ಮೇಲಿಡಿ. ಬಲ ಮೂಲೆಗೆ 1 ಅಂತ ಬರೀರಿ, ಅಲ್ಲಿಂದ ನಿಮ್ಮ ಕಡೆಗೆ ಸುತ್ತಿಕೊಂಡು 2, 3, ಎಡ ಮೂಲೆಗೆ 4, ಆಮೇಲೆ 5. ಉಳಿದ ಆರನೇ ಮೂಲೆ ಕಾರ್ಬನ್ ಅಲ್ಲ, ಆಕ್ಸಿಜನ್, ಅಲ್ಲಿಗೆ O. 5ರ ಹತ್ರ ಮೇಲ್ಮುಖವಾಗಿ ಒಂದು ಕೆಂಪು ಕಾಗದದ ಬಾವುಟ ಚುಚ್ಚಿ, ಅದು ಆರನೇ ಕಾರ್ಬನ್. 4ರಲ್ಲಿ ಬೆಂಕಿಕಡ್ಡಿ ಕೆಳಮುಖವಾಗಿ ಚುಚ್ಚಿ, ಇದು ಅಲ್ಲಿರೋ OH. ಎಂಟಕ್ಕೂ ಇಲ್ಲಿವರೆಗೆ ಒಂದೇ ತರ.

ಬದಲಾಗೋದು 1ನೇ ಮೂಲೆಯ ಕಡ್ಡಿ ಮಾತ್ರ. ನಾಲ್ಕು ಬಿಲ್ಲೆಗೆ ಅದನ್ನ ಕೆಳಮುಖ ಚುಚ್ಚಿ, ಇವು ಆಲ್ಫಾ. ಉಳಿದ ನಾಲ್ಕಕ್ಕೆ ಮೇಲ್ಮುಖ, ಇವು ಬೀಟಾ.

ಈಗ ಆಲ್ಫಾ ಪೋಣಿಸಿ. ಒಂದು ಬಿಲ್ಲೆಯ 1ನೇ ಕಡ್ಡಿ, ಪಕ್ಕದ್ದರ 4ನೇ ಕಡ್ಡಿ, ಎರಡೂ ಕೆಳಗೇ ಇವೆ, ಅವುಗಳ ತುದಿ ಸೇರಿಸಿ ಗೋಧಿ ಹಿಟ್ಟಿನ ಸಣ್ಣ ಉಂಡೆಯಿಂದ ಅಂಟಿಸಿ (ಉಂಡೆನೇ ಸೇತುವೆಯ ಆಕ್ಸಿಜನ್). ತುದಿಗಳು ಹತ್ರ ಬರ್ತಿದ್ದ ಹಾಗೆ ಬಿಲ್ಲೆಗಳು ಕಮಾನಿನ ತರ ಬಾಗುತ್ತೆ, ಮುಂದಿನ ಜಾಯಿಂಟೂ ಅದೇ ಕಡೆಗೆ ಬಾಗುತ್ತೆ, ಅದರ ಮುಂದಿನದೂ ಅಷ್ಟೇ, ಸರ ಸುರುಳಿ ಸುತ್ತೋಕೆ ಶುರು ಮಾಡುತ್ತೆ. ನಿಜವಾದ ಪಿಷ್ಟದಲ್ಲಿ ಸುಮಾರು ಆರು ಗ್ಲೂಕೋಸ್‌ಗೆ ಒಂದು ಸುತ್ತು.

ಬೀಟಾದಲ್ಲಿ ಎಲ್ಲರೂ ತಪ್ಪೋದು ಇಲ್ಲೇ. ಹಾಗೇ ಪಕ್ಕಪಕ್ಕ ಇಟ್ರೆ ಒಂದರ ಕಡ್ಡಿ ಮೇಲೆ, ಇನ್ನೊಂದರದ್ದು ಕೆಳಗೆ, ಸೇರೋದೇ ಇಲ್ಲ. ಎರಡನೇ ಬಿಲ್ಲೆನ ದೋಸೆ ಮಗುಚೋ ಹಾಗೆ ಮಗುಚಬೇಕು, ಆದ್ರೆ 4 ಎಡಕ್ಕೇ, 1 ಬಲಕ್ಕೇ ಇರಬೇಕು. ಸರಿಯಾಗಿದ್ರೆ ಕೆಂಪು ಬಾವುಟ ಕೆಳಗೆ ಹೋಗಿರುತ್ತೆ. ಮೂರನೇದು ನೆಟ್ಟಗೆ, ನಾಲ್ಕನೇದು ಮಗುಚಿ. ಒಂದು ಜಾಯಿಂಟ್ ಒಂದು ಕಡೆ ಬಾಗಿದ್ರೆ ಮುಂದಿನದು ಎದುರು ಕಡೆ ಬಾಗುತ್ತೆ, ಹಾಗಾಗಿ ಬಾಗಿದ್ದೆಲ್ಲ ವಜಾ ಆಗಿ ಸರ ರಿಬ್ಬನ್ ತರ ನೇರ ನಿಲ್ಲುತ್ತೆ.

ಹಾಗೇ ಇಟ್ಕೊಂಡು ಜಾಯಿಂಟ್ ಪಕ್ಕ ನೋಡಿ, ಒಂದು ಬಿಲ್ಲೆಯ O, ಮಗುಚಿದ ಬಿಲ್ಲೆಯ 3, ಎರಡೂ ಅಕ್ಕಪಕ್ಕ ಬಂದಿರುತ್ತೆ. 3ರಲ್ಲಿರೋ OH ಆ ಆಕ್ಸಿಜನ್ ಜೊತೆ ಹೈಡ್ರೋಜನ್ ಬಂಧ ಕಟ್ಕೊಳ್ಳುತ್ತೆ, ಅದಕ್ಕೇ ಸರ ತಿರುಚೋಕೂ ಆಗಲ್ಲ. ನೇರ ಸರಗಳು ಒಂದರ ಪಕ್ಕ ಒಂದು ಒತ್ತಾಗಿ ಜೋಡಿಸ್ಕೊಂಡು ಮತ್ತೆ ಹೈಡ್ರೋಜನ್ ಬಂಧ ಹಾಕ್ಕೊಳ್ಳುತ್ತೆ, ಒಳಗೆ ನೀರು ನುಗ್ಗೋಕೆ ಜಾಗನೇ ಸಿಗಲ್ಲ. ಒಂದೊಂದು ಹೈಡ್ರೋಜನ್ ಬಂಧ ತುಂಬಾ ಸಡಿಲ, ಸಾವಿರಗಟ್ಟಲೆ ಸೇರಿದಾಗ ಹತ್ತಿ ನೂಲು, ಮರದ ಕಾಂಡ. ಅಂದ್ರೆ ಬೀಟಾ ಕೊಂಡಿನೇ ವಿಪರೀತ ಬಲ ಅಂತ ಅಲ್ಲ, ಅದು ಸರವನ್ನ ನೇರ ಮಾಡಿದ್ದರಿಂದ ಬಂದ ಬಲ ಇದು. (ನಿಜವಾದ ಉಂಗುರ ರಟ್ಟಿನ ಹಾಗೆ ಚಪ್ಪಟೆ ಅಲ್ಲ, ಕುರ್ಚಿ ಆಕಾರ, ಆದ್ರೂ ಮೇಲೆ ಕೆಳಗೆ ಲೆಕ್ಕ ಇದೇ.)

ಜೀರ್ಣದ ವಿಷಯಕ್ಕೆ ಬಂದ್ರೆ, ಜೊಲ್ಲಿನ ಅಮೈಲೇಸ್ ಕಿಣ್ವದ ಮೈಯಲ್ಲಿ ಒಂದು ಸೀಳು ಇದೆ, ಆಲ್ಫಾ ಸರ ಅದರೊಳಗೆ ಸರಿಯಾಗಿ ಕೂರುತ್ತೆ, ಕತ್ತರಿಸುತ್ತೆ. ಬಿಲ್ಲೆ ಬಿಟ್ಟು ಬಿಲ್ಲೆ ಮಗುಚಿರೋ ಸರ ಅಲ್ಲಿ ಕೂರಲ್ಲ. ಹಸುಗೂ ಸ್ವಂತದ್ದಾಗಿ ಬೀಟಾ ಕತ್ತರಿಸೋ ಕಿಣ್ವ ಇಲ್ಲ, ಅದರ ಮೆಲುಕು ಹೊಟ್ಟೆಯಲ್ಲಿರೋ ಸೂಕ್ಷ್ಮಜೀವಿಗಳ ಹತ್ರ ಇದೆ.

ಈಗ ಪರೀಕ್ಷೆ. ಅನ್ನ ಬಸಿದ ಗಂಜಿಯ ತಿಳಿ ಪೂರ್ತಿ ಆರಿಸಿ, ಗಾಯಕ್ಕೆ ಹಚ್ಚೋ ಅಯೋಡಿನ್ ದ್ರಾವಣಕ್ಕೆ ನೀರು ಬೆರೆಸಿ ಎರಡು ಹನಿ ಹಾಕಿ. ಅಯೋಡಿನ್ ಸುರುಳಿಯ ಕೊಳವೆಯೊಳಗೆ ಸಾಲಾಗಿ ಕೂತು ಕಡುನೀಲಿ ಬರುತ್ತೆ. ಹತ್ತಿ ಉಂಡೆಗೆ ಹಾಕಿದ್ರೆ ಬರೀ ಕಂದು ಹಳದಿ, ಯಾಕಂದ್ರೆ ಕೂರೋಕೆ ಸುರುಳಿನೇ ಇಲ್ಲ. ನಾನು ಮೊದಲ ಸಲ ಹತ್ತಿ ಬದಲು ಹೊಸ ಪಂಚೆಯ ಅಂಚು ತಗೊಂಡಿದ್ದೆ, ನೀಲಿ ಬಂತು, ಇಡೀ ಲೆಕ್ಕನೇ ತಪ್ಪಾಯ್ತೇನೋ ಅಂದ್ಕೊಂಡೆ, ಆಮೇಲೆ ನೋಡಿದ್ರೆ ಬಟ್ಟೆಗೆ ಗಂಜಿ ಹಾಕಿದ್ರು! ಮೆಡಿಕಲ್ ಶಾಪಿನ ಹತ್ತಿನೇ ತಗೊಳ್ಳಿ.

ಕೊನೆಗೆ ಇನ್ನೊಂದು ಲೋಟದಲ್ಲಿ ತೆಳು ಗಂಜಿತಿಳಿಗೆ ಸ್ವಲ್ಪ ಜೊಲ್ಲು ಬೆರೆಸಿ, ಲೋಟನ ಉಗುರುಬೆಚ್ಚಗಿನ ನೀರಲ್ಲಿಡಿ (ಬಿಸಿ ಜಾಸ್ತಿಯಾದ್ರೆ ಕಿಣ್ವ ಕೆಡುತ್ತೆ). ಐದೈದು ನಿಮಿಷಕ್ಕೆ ಒಂದು ಹನಿ ತಟ್ಟೆಗೆ ತೆಗೆದು ಅಯೋಡಿನ್ ಹಾಕಿ ನೋಡ್ತಾ ಹೋಗಿ. ಮೊದಲು ನೀಲಿ, ಆಮೇಲೆ ನೇರಳೆ, ಕೆಂಪುಗಂದು, ಸರ ತುಂಡಾಗ್ತಾ ಸುರುಳಿ ಚಿಕ್ಕದಾದ ಹಾಗೆಲ್ಲ ಬಣ್ಣ ಇಳೀತಾ ಬಂದು ಕೊನೆಗೆ ಬರೀ ಅಯೋಡಿನ್ನಿನ ಹಳದಿ ಉಳಿಯುತ್ತೆ. ಅದೇ ಜೊಲ್ಲಲ್ಲಿ ನೆನೆಸಿಟ್ಟ ಹತ್ತಿ ಎಳೆ ಮಾರನೇ ದಿನ ಎಳೆದು ನೋಡಿ, ಹಾಗೇ ಗಟ್ಟಿ ಇರುತ್ತೆ.