ಹಿತಕಿದ ಬೇಳೆಯಲ್ಲ, ಇನುಲಿನ್ ಪುಡಿ

ಮಲಬದ್ಧತೆಗೆಂದು ಕಳೆದ ಡಿಸೆಂಬರ್‌ನಲ್ಲಿ ಇನುಲಿನ್ ಪುಡಿ ತಂದೆ. ಚಿಕೋರಿ ಬೇರಿನಿಂದ ತೆಗೆಯುವ ನಾರು ಅದು. ಕೊಂಚ ಸಿಹಿ, ಬಿಸಿ ಕಾಫಿಗೆ ಹಾಕಿದರೆ ಕರಗಿಹೋಗುತ್ತದೆ. ಡಬ್ಬಿಯ ಅಳತೆ ಚಮಚದಲ್ಲಿ 5 ಗ್ರಾಂ ಹಿಡಿಯುತ್ತಿತ್ತು, ದಿನಕ್ಕೆ 2 ಚಮಚ ಎಂದು ಬರೆದಿತ್ತು. ಮೊದಲ ದಿನವೇ ಎರಡನ್ನೂ ಬೆಳಗಿನ ಕಾಫಿಗೆ ಹಾಕಿಕೊಂಡು ಶಾಲೆಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಬಿಗಿದುಕೊಂಡು, ಪಾಠ ಮಾಡುತ್ತಾ ನಿಲ್ಲುವುದೇ ಕಷ್ಟವಾಯಿತು.

ಕೋಲಾರದಲ್ಲಿ ಅದು ಅವರೆಕಾಯಿ ಕಾಲ. ಹಿಂದಿನ ರಾತ್ರಿ ಹಿತಕಿದ ಬೇಳೆ ಸಾರು, ಮುದ್ದೆ ಉಂಡಿದ್ದೆ. ತಪ್ಪನ್ನು ಅದರ ತಲೆಗೆ ಕಟ್ಟಿದೆ. ಎರಡು ದಿನ ಅವರೆ ಬಿಟ್ಟು ಪುಡಿ ಮುಂದುವರಿಸಿದರೂ ಉಬ್ಬರ ಬಿಡಲಿಲ್ಲ. ಪ್ರತಿ ಸಲವೂ ಪುಡಿ ಕುಡಿದ ನಾಲ್ಕೈದು ಗಂಟೆಗೇ ಶುರುವಾಗುತ್ತಿತ್ತು. ಸುಳಿವು ಸಿಕ್ಕಿದ್ದು ಆ ಸಮಯದಿಂದಲೇ. ಇನುಲಿನ್ ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ. ದೊಡ್ಡ ಕರುಳಿಗೆ ಇಳಿದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸುತ್ತವೆ, ಆಗ ಗಾಳಿ ಹುಟ್ಟುತ್ತದೆ. ಅವರೆಯಲ್ಲೂ ಹೀಗೆಯೇ ಹುದುಗುವ ಸಕ್ಕರೆಗಳಿವೆ. ಎರಡೂ ಸೇರಿದ ದಿನ ಉಬ್ಬರ ಹೆಚ್ಚುವುದು ಸಹಜ.

ಒಂದು ವಾರ ಪೂರ್ತಿ ನಿಲ್ಲಿಸಿ, ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗಿ 2 ಗ್ರಾಂನಿಂದ ಮತ್ತೆ ಆರಂಭಿಸಿದೆ. ಪ್ರತಿ ವಾರ 1 ಗ್ರಾಂ ಮಾತ್ರ ಹೆಚ್ಚಿಸಿದೆ. ಹೆಚ್ಚಿಸಿದ ಮೊದಲ ಎರಡು ದಿನ ಸ್ವಲ್ಪ ಗುಡುಗುಡು ಇರುತ್ತಿತ್ತು, ಆಮೇಲೆ ತಣ್ಣಗಾಗುತ್ತಿತ್ತು. ತಣ್ಣಗಾಗದಿದ್ದರೆ ಹಿಂದಿನ ಅಳತೆಗೆ ಇಳಿಯಬೇಕೆಂದು ಮೊದಲೇ ನಿರ್ಧರಿಸಿದ್ದೆ. 7 ಗ್ರಾಂಗೆ ಬಂದಾಗ ನಾಲ್ಕು ದಿನವಾದರೂ ಬಿಗಿತ ಹೋಗಲಿಲ್ಲ. 6ಕ್ಕೆ ಇಳಿದು ಅಲ್ಲಿಯೇ ನಿಂತೆ. ಅದನ್ನೂ ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ ಮಾಡಿಕೊಂಡೆ. ಮಲವಿಸರ್ಜನೆ ಸಲೀಸಾಯಿತು. ನೀರನ್ನೂ ಹೆಚ್ಚು ಕುಡಿಯತೊಡಗಿದ್ದೆ, ಹಾಗಾಗಿ ಎಲ್ಲ ಶ್ರೇಯವನ್ನೂ ಪುಡಿಗೇ ಕೊಡಲಾರೆ.

ನನ್ನ ತಂಗಿಗೆ ಮಾತ್ರ ಈ ನಿಧಾನವೂ ಒಗ್ಗಲಿಲ್ಲ. ಅವಳಿಗೆ ಕರುಳು ಸುಲಭವಾಗಿ ಕೆರಳುವ ಐಬಿಎಸ್ ಎಂಬ ತೊಂದರೆ ಇದೆ. 2 ಗ್ರಾಂಗೇ ಹೊಟ್ಟೆ ಹಿಂಡಿದಂತಾಯಿತು. ಅವಳಿಗೆ ಈರುಳ್ಳಿ, ಬೆಳ್ಳುಳ್ಳಿ, ಗೋಧಿಯೂ ಆಗುವುದಿಲ್ಲ. ಅವುಗಳಲ್ಲಿರುವುದೂ ಇನುಲಿನ್ ಜಾತಿಯ, ಫ್ರಕ್ಟಾನ್ ಎಂಬ ಹುದುಗುವ ನಾರುಗಳೇ ಎಂದು ವೈದ್ಯರು ಬಿಡಿಸಿ ಹೇಳಿ, ಪುಡಿ ನಿಲ್ಲಿಸಿದರು. ಅದರ ಬದಲು ಕಡಿಮೆ ಹುದುಗುವ ಇಸಬಗೋಲನ್ನು ಸ್ವಲ್ಪಸ್ವಲ್ಪವಾಗಿ, ಸಾಕಷ್ಟು ನೀರಿನೊಂದಿಗೆ ತೆಗೆದುಕೊಳ್ಳಲು ಹೇಳಿದರು. ಇಂಥವರು "ಅಭ್ಯಾಸವಾದರೆ ಸರಿಹೋಗುತ್ತದೆ" ಎಂದು ನೋವು ನುಂಗಿಕೊಂಡು ಕೂರಬಾರದು. ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆದವರು, ಕರುಳು ಕಿರಿದಾದವರು, ಇತ್ತೀಚೆಗೆ ಕರುಳಿನ ಶಸ್ತ್ರಚಿಕಿತ್ಸೆಯಾದವರು, ಕರುಳಿನ ಉರಿಯೂತ ಕೆರಳಿರುವವರು ವೈದ್ಯರನ್ನು ಕೇಳದೆ ಇನುಲಿನ್ ಪುಡಿಯನ್ನು ಮುಟ್ಟಬಾರದು. ಮಲದಲ್ಲಿ ರಕ್ತ, ವಾಂತಿ, ಕಾರಣವಿಲ್ಲದೆ ತೂಕ ಇಳಿಕೆ ಇದ್ದರೆ ಮೊದಲು ತಪಾಸಣೆಯಾಗಬೇಕು.

ಈಗ ಹಿತಕಿದ ಬೇಳೆ ಸಾರು ಮಾಡಿದ ದಿನ ನಾನು ಪುಡಿಯ ಡಬ್ಬಿ ತೆರೆಯುವುದಿಲ್ಲ.