ನೀರುದೋಸೆ ತಿಂದು ಒಂದೂಮುಕ್ಕಾಲು ಗಂಟೆಗೆ

ಹುಣ್ಣಿಗಾಗಿ ನನ್ನ ಜಠರದ ಕೆಳಭಾಗವನ್ನು ತೆಗೆದು ಆರೇಳು ತಿಂಗಳಾಗಿತ್ತು. ಬದಿಯಡ್ಕದ ಹತ್ತಿರದ ನಮ್ಮ ತೋಟದಲ್ಲಿ ಒಂಬತ್ತು ಗಂಟೆ ದಾಟಿದೊಡನೆ ಕೈ ನಡುಗುತ್ತಿತ್ತು, ಬೆವರು ಇಳಿಯುತ್ತಿತ್ತು, ಅಡಿಕೆ ಹೆಕ್ಕುವಾಗ ಕಣ್ಣು ಮಂಜಾಗುತ್ತಿತ್ತು. ಮನೆಗೆ ಓಡಿ ಬೆಲ್ಲದ ನೀರು ಕುಡಿದು, ಸುಧಾರಿಸಿಕೊಂಡ ಮೇಲೆ ಸಕ್ಕರೆ ನೋಡುತ್ತಿದ್ದೆ. ಮೀಟರ್ 140 ಎನ್ನುತ್ತಿತ್ತು. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆಯೂ ಸರಿಯಿತ್ತು. ಹಾಗಾಗಿ ಎಲ್ಲರೂ ಅದನ್ನು ಸುಸ್ತು ಎಂದರು.

ತಪ್ಪಿದ್ದದ್ದು ನಾನು ನೋಡುತ್ತಿದ್ದ ಹೊತ್ತಿನಲ್ಲಿ. ಹೊಟ್ಟೆ ಅನ್ನವನ್ನು ಹಿಡಿದಿಟ್ಟು ಸ್ವಲ್ಪಸ್ವಲ್ಪವೇ ಬಿಡುವ ಕೆಲಸ ನಿಂತಾಗ, ತಿಂದದ್ದು ಒಮ್ಮೆಲೇ ಕರುಳಿಗೆ ಸುರಿಯುತ್ತದೆ. ಸಕ್ಕರೆ ಸರಕ್ಕನೆ ಏರುತ್ತದೆ, ಅದಕ್ಕೆ ಇನ್ಸುಲಿನ್ ಅತಿಯಾಗಿ ಹೊಮ್ಮುತ್ತದೆ, ಒಂದರಿಂದ ಮೂರು ಗಂಟೆಯೊಳಗೆ ಸಕ್ಕರೆ ಕುಸಿಯುತ್ತದೆ. ಇದಕ್ಕೆ ತಡವಾದ ಡಂಪಿಂಗ್ ಎನ್ನುತ್ತಾರೆ.

ವೈದ್ಯರು ಹೇಳಿದಂತೆ ಒಂದು ದಿನ ಎಂದಿನ ತಿಂಡಿಯನ್ನೇ ತಿಂದೆ: ನಾಲ್ಕು ನೀರುದೋಸೆ, ಬೆಲ್ಲ ಬೆರೆಸಿದ ಕಾಯಿತುರಿ, ಸಿಹಿ ಚಹಾ. ಗಡಿಯಾರವನ್ನು ಮೊದಲ ತುತ್ತಿನಿಂದ ಎಣಿಸಬೇಕು, ಊಟ ಮುಗಿದಾಗಿನಿಂದ ಅಲ್ಲ. ಏಳೂವರೆಗೆ, ತುತ್ತಿಗೆ ಮುಂಚೆ, 94. ಎಂಟಕ್ಕೆ 198, ಆಗಲೂ ಬೆವರು, ಹೊಟ್ಟೆಯಲ್ಲಿ ಗುಡುಗುಡು. ಅದು ಬೇಗನೆ ಬರುವ ಡಂಪಿಂಗ್, ಕರುಳಿಗೆ ನೀರು ಸೆಳೆದುಕೊಳ್ಳುವುದರಿಂದ ಆಗುವಂಥದ್ದು. ಆ ಬೆವರಿಗೆ ಸಕ್ಕರೆ ತಿಂದರೆ ಕೆಡುಕೇ ಹೆಚ್ಚು. ಎಂಟೂವರೆಗೆ 171, ಒಂಬತ್ತಕ್ಕೆ 96. ಒಂಬತ್ತೂಕಾಲಕ್ಕೆ ನಡುಕ ಶುರುವಾಯಿತು. ಬೆರಳಿಗೆ ಬೆಲ್ಲ ಅಂಟಿದ್ದರೆ ಮೀಟರ್ ಸುಳ್ಳು ಹೇಳುತ್ತದೆಂದು ಸೋಪಿನಲ್ಲಿ ಕೈ ತೊಳೆದು, ಒರೆಸಿ ಚುಚ್ಚಿದೆ. 52.

ತಿಂದು ಎರಡು ಗಂಟೆಯಾದ ಮೇಲೆ ಮಾತ್ರ ನೋಡಿದ್ದರೆ ಇದು ಸಿಗುತ್ತಿರಲಿಲ್ಲ, ಅಷ್ಟರಲ್ಲಿ ಬೆಲ್ಲದ ನೀರು ಒಳಗೆ ಹೋಗಿರುತ್ತಿತ್ತು. ಅಂದಿನಿಂದ ಮೊದಲು ಚುಚ್ಚುತ್ತೇನೆ, ನಂತರ ತಿನ್ನುತ್ತೇನೆ. ಮೀಟರ್ ಕೈಗೆ ಸಿಗದಿದ್ದರೆ ಮಾತ್ರ ಕಾಯದೆ ಸಕ್ಕರೆ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಗ್ಲೂಕೋಸ್ ಪುಡಿ ನೀರಿನಲ್ಲಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಏರಿದ ಮೇಲೆ ಒಂದು ಹಿಡಿ ನೆಲಗಡಲೆ, ಇಲ್ಲದಿದ್ದರೆ ಆ ಗ್ಲೂಕೋಸೇ ಇನ್ನೊಂದು ಕುಸಿತವನ್ನು ತರುತ್ತದೆ.

ಈಗ ಮೊದಲು ಹೆಸರುಕಾಳಿನ ಪಲ್ಯ, ಆಮೇಲೆ ಎರಡೇ ದೋಸೆ, ಬೆಲ್ಲವಿಲ್ಲ. ಸಕ್ಕರೆಯಿಲ್ಲದ ಚಹಾ ಅರ್ಧ ಗಂಟೆ ಬಿಟ್ಟು. ಹತ್ತು ಗಂಟೆಗೆ ಉಳಿದ ಪಾಲು. ಹಾಗೆ ತಿಂದ ದಿನ ಅರ್ಧ ಗಂಟೆಯಿಂದ ಮೂರು ಗಂಟೆಯವರೆಗೆ ಅರ್ಧರ್ಧ ಗಂಟೆಗೆ ನೋಡಿದಾಗ ಏರಿಕೆ 142ಕ್ಕೆ ನಿಂತಿತು, ಇಳಿಕೆ 79ಕ್ಕೆ. ಈಗ ತಿಂಡಿ ಬದಲಾದ ದಿನ ಮಾತ್ರ ತಿಂದು ಒಂದೂವರೆ ಮತ್ತು ಎರಡು ಗಂಟೆಯಾದಾಗ ನೋಡುತ್ತೇನೆ. ಖಾಲಿ ಹೊಟ್ಟೆಯಲ್ಲಿ ಅಥವಾ ಉಂಡು ನಾಲ್ಕೈದು ಗಂಟೆಯ ನಂತರ ಕುಸಿದರೆ ಅದು ಡಂಪಿಂಗ್ ಎಂದುಕೊಳ್ಳದೆ ಬೇರೆ ಕಾರಣ ಹುಡುಕಬೇಕೆಂದು, ನುಂಗಲಾಗದಷ್ಟು ಮಂಕಾದರೆ ಅಥವಾ ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕೆಂದು ಮನೆಯವರಿಗೆ ಹೇಳಿಟ್ಟಿದ್ದೇನೆ.